ಬೆಂಗಳೂರು ದಂಡು ಪ್ರದೇಶದ ಕುಂಬಾರಿಕೆ ಮತ್ತು ಆನ್‌ಲೈನ್ ಮಾರಾಟಕ್ಕೆ ಒಗ್ಗುವ ಮಣ್ಣಿನ ವಸ್ತುಗಳು

ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವ ಭಾಗದಲ್ಲಿ ಇಂದಿಗೂ ಜೀವಂತವಾಗಿರುವ ಕೈಕಸುಬುಗಳಲ್ಲಿ ಎರಡು ಮುಖ್ಯವಾದವು. ಒಂದು, ಶಿವಾಜಿನಗರದ ಗಲ್ಲಿಗಳಲ್ಲಿ ರವಿಕೆ, ಲೆಹಂಗಾಗಳ ಮೇಲೆ ಜರಿ, ಮಣಿ ಕೂರಿಸುವ ಮಗ್ಗದ ಕೆಲಸ. ಇನ್ನೊಂದು, ಪಾಟರಿ ಟೌನಿನ ಕುಂಬಾರಿಕೆ. ಮಗ್ಗದ ಕೆಲಸದ ಗಿರಾಕಿ ಬಹುಮಟ್ಟಿಗೆ ಮದುವೆ ಮನೆಯವರು. ಅವರು ಅಳತೆ ಕೊಟ್ಟು, ಬಟ್ಟೆ ಕೊಟ್ಟು ಮಾಡಿಸಿಕೊಳ್ಳುವುದರಿಂದ ಅದು ಅಂಗಡಿಯ ವ್ಯಾಪಾರವಾಗಿಯೇ ಚೆನ್ನಾಗಿ ನಡೆದಿದೆ. ಮಣ್ಣಿನ ವಸ್ತುಗಳದ್ದು ಬೇರೆ ಕತೆ. ಅವು ತೂಕದ್ದು, ಒಡೆಯುವಂಥದ್ದು, ಒಂದರಂತೆ ಇನ್ನೊಂದು ಇರದಂಥದ್ದು. ಅವನ್ನು ಮೊಬೈಲಿನಲ್ಲಿ ಚಿತ್ರ ನೋಡಿ ಕೊಳ್ಳುವ ಗಿರಾಕಿಗೆ ಮುಟ್ಟಿಸಬೇಕಾದರೆ ಯಾವ ವಸ್ತುವನ್ನು ಮಾಡಬೇಕು, ಹೇಗೆ ಮಾಡಬೇಕು ಎಂಬುದನ್ನು ತಿಗರಿಯ ಮುಂದೆ ಕೂರುವ ಮೊದಲೇ ತೀರ್ಮಾನಿಸಬೇಕಾಗುತ್ತದೆ. ಈ ಲೇಖನ ಅದನ್ನು ಕುರಿತದ್ದು.

ಕಸುಬಿನ ನೆಲೆ

ಬ್ರಿಟಿಷರು 1809ರಲ್ಲಿ ಹಲಸೂರಿನ ಬಳಿ ದಂಡು ಕಟ್ಟಿದ ಮೇಲೆ ಅದರ ಸುತ್ತ ಬೆಳೆದ ವಸತಿಗಳಿಗೆ ತಮಿಳು ಸೀಮೆಯಿಂದ ಬಂದ ಕಸುಬುದಾರರು ಬಹಳ ಮಂದಿ. ಬೆನ್ಸನ್ ಟೌನ್, ಫ್ರೇಜರ್ ಟೌನ್‌ಗಳ ನಡುವಿನ ಪಾಟರಿ ಟೌನಿನ ಕುಂಬಾರ ಕುಟುಂಬಗಳಲ್ಲೂ ಹೆಚ್ಚಿನವರ ಮೂಲ ತಮಿಳುನಾಡು. ಕಸುಬಿನ ಹೆಸರೇ ಬಡಾವಣೆಯ ಹೆಸರಾಯಿತು. ಈಗ ಕಾಳೇನ ಅಗ್ರಹಾರ–ನಾಗವಾರ ಮೆಟ್ರೊ ಮಾರ್ಗದ ನೆಲದಡಿಯ ನಿಲ್ದಾಣವೊಂದಕ್ಕೂ ಅದೇ ಹೆಸರು ಇದೆ. ಇಲ್ಲಿನ ವರ್ಷ ಹಬ್ಬಗಳ ಸುತ್ತ ತಿರುಗುತ್ತದೆ. ಸಂಕ್ರಾಂತಿಗೆ ಪೊಂಗಲ್ ಮಡಕೆ, ಬೇಸಿಗೆಗೆ ನೀರಿನ ಹೂಜಿ, ಭಾದ್ರಪದಕ್ಕೆ ಗಣಪತಿ, ನವರಾತ್ರಿಗೆ ಗೊಂಬೆ, ದೀಪಾವಳಿ ಮತ್ತು ಕಾರ್ತಿಕಕ್ಕೆ ಹಣತೆ.

ಮಣ್ಣು ಈ ಕಸುಬಿನ ಮೊದಲ ಕಷ್ಟ. ಒಂದು ಕಾಲಕ್ಕೆ ಕೆರೆಗಳ ಹೂಳೇ ಕುಂಬಾರರ ಬಂಡವಾಳವಾಗಿತ್ತು. ಊರೊಳಗಿನ ಕೆರೆಗಳು ಬಡಾವಣೆಗಳಾದ ಮೇಲೆ ಜೇಡಿಮಣ್ಣು ಊರಾಚೆಯ ಕೆರೆಗಳಿಂದ ಲಾರಿಯಲ್ಲಿ ಬರಬೇಕು. ಒಂದೊಂದು ಲಾರಿಯ ಮಣ್ಣು ಒಂದೊಂದು ಗುಣದ್ದು. ಅಂಗಡಿಯಲ್ಲಿ ಇದು ದೊಡ್ಡ ಸಮಸ್ಯೆಯಲ್ಲ, ಗಿರಾಕಿ ಎದುರಿಗಿರುವುದನ್ನು ಎತ್ತಿ ನೋಡಿ ಕೊಳ್ಳುತ್ತಾನೆ. ಆನ್‌ಲೈನಿನಲ್ಲಿ ಚಿತ್ರದಲ್ಲಿದ್ದ ಬಣ್ಣ, ಬರೆದ ಅಳತೆ ಎರಡೂ ತಪ್ಪಿದರೆ ವಸ್ತು ಹಿಂದಕ್ಕೆ ಬರುತ್ತದೆ. ಆದ್ದರಿಂದ ಹೊಸ ಮಣ್ಣು ಬಂದಾಗಲೆಲ್ಲ ಎರಡು ಪರೀಕ್ಷೆ ಮಾಡುವುದು ಒಳ್ಳೆಯದು. ಮೊದಲನೆಯದು, ಕಲಸಿದ ಮಣ್ಣನ್ನು ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ ನೋಡುವುದು. ಬಿರುಕು ಬಿಟ್ಟರೆ ಜಿಗುಟು ಸಾಲದು. ಬೆರಳಿಗೇ ಅಂಟಿಕೊಂಡರೆ ಜಿಗುಟು ಅತಿಯಾಗಿದೆ, ಒಣಗುವಾಗ ಸೀಳುತ್ತದೆ. ಹತ್ತು ಪಾಲು ಮಣ್ಣಿಗೆ ಒಂದು ಪಾಲು ನುಣ್ಣನೆಯ ಮರಳು ಸೇರಿಸಿ ಮತ್ತೆ ನೋಡಬೇಕು. ಎರಡನೆಯದು, ಒಂದು ಹಸಿ ಪಟ್ಟಿಯ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಎಳೆದು, ಒಣಗಿಸಿ ಸುಟ್ಟ ಮೇಲೆ ಅದೇ ಗೆರೆಯನ್ನು ಅಳೆಯುವುದು. ಗೆರೆ 9 ಸೆಂ.ಮೀ.ಗೆ ಇಳಿದಿದ್ದರೆ ಆ ಮಣ್ಣು ನೂರಕ್ಕೆ ಹತ್ತರಷ್ಟು ಕುಗ್ಗುತ್ತದೆ ಎಂದರ್ಥ. ಆಗ 6 ಸೆಂ.ಮೀ. ಅಗಲದ ಹಣತೆ ಬೇಕಿದ್ದರೆ ತಿಗರಿಯ ಮೇಲೆ ಅದನ್ನು ಸುಮಾರು 6.7 ಸೆಂ.ಮೀ. ಅಗಲಕ್ಕೆ ಎತ್ತಬೇಕು. ಮುಚ್ಚಳವಿರುವ ವಸ್ತುವಾದರೆ ಮುಚ್ಚಳ, ಕುಡಿಕೆ ಎರಡನ್ನೂ ಒಂದೇ ಮಣ್ಣಿನಲ್ಲಿ, ಒಂದೇ ದಿನ ಮಾಡಿ ಜೊತೆಯಲ್ಲೇ ಸುಡಬೇಕು. ಬೇರೆ ಬೇರೆ ದಿನದ ಮುಚ್ಚಳ ಕೂರುವುದಿಲ್ಲ.

ಯಾವುದು ಒಗ್ಗುತ್ತದೆ

ದೊಡ್ಡ ಹೂಜಿ, ಎರಡಡಿ ಎತ್ತರದ ಹೂಕುಂಡ, ಅಂಗಳದ ಅಲಂಕಾರದ ಕುದುರೆ ಇವು ಕುಂಬಾರನ ಕೈಚಳಕ ಎದ್ದು ಕಾಣುವ ವಸ್ತುಗಳು. ಆದರೆ ಅವು ಆನ್‌ಲೈನಿಗೆ ಅಲ್ಲ. ಇಂದಿರಾನಗರದ ಗಿರಾಕಿ ಅವನ್ನು ಪಾಟರಿ ಟೌನಿಗೇ ಬಂದು ಆಟೊದಲ್ಲಿ ಇಟ್ಟುಕೊಂಡು ಹೋಗುವುದೇ ಸರಿ. ಕೊರಿಯರಿಗೆ ಒಗ್ಗುವುದು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು, ಹೊರಚಾಚಿದ ಭಾಗವಿಲ್ಲದ್ದು, ಒಂದರೊಳಗೊಂದು ಕೂರುವಂಥದ್ದು. ಹಿಡಿ, ಕೊಕ್ಕೆ, ಉದ್ದ ಕತ್ತು ಇದ್ದರೆ ಪೆಟ್ಟು ಮೊದಲು ಬೀಳುವುದು ಅಲ್ಲಿಗೇ.

ಈ ಅಳತೆಗೆ ಸರಿಹೊಂದುವುದು ಹಣತೆಯ ಪೆಟ್ಟಿಗೆ, ಧೂಪದ ಬಟ್ಟಲು, ತಟ್ಟೆಸಹಿತ ನಾಲ್ಕಿಂಚಿನ ಗಿಡದ ಕುಂಡ, ದುಡ್ಡು ಹಾಕುವ ಕುಡಿಕೆ ಮತ್ತು ಮಣ್ಣಿನ ಒಡವೆ. ಒಡವೆಗೆ ತಿಗರಿ ಬೇಕಾಗಿಲ್ಲ. ಕೆ.ಆರ್. ಪುರದ ಮನೆಯೊಂದರಲ್ಲಿ ಕೂತು ಮಣಿ, ಜುಮುಕಿ ಮಾಡಿ ಒಣಗಿಸಿ, ಸುಡುವುದಕ್ಕೆ ಮಾತ್ರ ಆವಿಗೆ ಇರುವವರ ಬಳಿಗೆ ಒಯ್ಯಬಹುದು. ಮಣಿಯ ತೂತು ಕೂಡ ಕುಗ್ಗುತ್ತದೆ, ದಾರಕ್ಕಿಂತ ಚೆನ್ನಾಗಿ ದಪ್ಪನಾದ ಕಡ್ಡಿಯಿಂದಲೇ ತೂತು ಹೊಡೆಯಬೇಕೆಂಬುದೊಂದನ್ನು ಮರೆಯದಿದ್ದರೆ ಸಾಕು. ಅಡುಗೆಯ ಪಾತ್ರೆಗೆ ಬೇಡಿಕೆ ಇದೆ ನಿಜ. ಆದರೆ ಹೊಳಪು ಬರಲೆಂದು ಒಳಗಡೆ ಬಣ್ಣವನ್ನೋ ಅಗ್ಗದ ಗಾಜಿನ ಲೇಪವನ್ನೋ ಬಳಿದ ಪಾತ್ರೆಯನ್ನು ಅಡುಗೆಗೆಂದು ಮಾರುವುದು ತಪ್ಪು. ಕಡಿಮೆ ಶಾಖದಲ್ಲಿ ಕರಗುವ ಲೇಪಗಳಲ್ಲಿ ಸೀಸ ಇರುವ ಸಾಧ್ಯತೆಯಿದೆ, ಹುಳಿ ಸಾರು ಅದನ್ನು ಎಳೆದುಕೊಳ್ಳುತ್ತದೆ. ಲೇಪವಿಲ್ಲದ, ಉಜ್ಜಿ ನುಣುಪು ಮಾಡಿದ ಪಾತ್ರೆಯನ್ನಷ್ಟೇ ಅಡುಗೆಗೆ ಕೊಡಬೇಕು.

ಗಣಪತಿಯ ವಿಷಯ ಪ್ರತ್ಯೇಕವಾಗಿ ಹೇಳಬೇಕಾದದ್ದು. ಪ್ಲಾಸ್ಟರ್ ಆಫ್ ಪ್ಯಾರಿಸ್ ವಿಗ್ರಹಗಳಿಗೆ ಕರ್ನಾಟಕದಲ್ಲಿ ನಿರ್ಬಂಧ ಬಂದು, 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಷ್ಕೃತ ಮಾರ್ಗಸೂಚಿಯೂ ಅದನ್ನೇ ಹೇಳಿದ ಮೇಲೆ, ಮನೆಯ ಬಕೆಟ್ಟಿನಲ್ಲೇ ವಿಸರ್ಜಿಸುವ ಸಣ್ಣ ಮಣ್ಣಿನ ಗಣಪತಿಗೆ ಬೇಡಿಕೆ ಹೆಚ್ಚಿತು. ಹಲಸೂರು ಕೆರೆಯ ಪಕ್ಕದ ಕಲ್ಯಾಣಿಗೆ ಸಾಲುನಿಲ್ಲಲಾಗದ ಮನೆಗಳಿಗೆ ಅದೇ ಅನುಕೂಲ. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಸುಟ್ಟ ಮಣ್ಣು ನೀರಿನಲ್ಲಿ ಕರಗುವುದಿಲ್ಲ. ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದ ಜೇಡಿಮಣ್ಣು ಮತ್ತೆ ಕೆಸರಾಗದು. ಹಾಗಾಗಿ ಗಟ್ಟಿಯಾಗಿರಲಿ ಎಂದು ಸುಟ್ಟು ಕಳಿಸಿದ ಗಣಪತಿ ಬಕೆಟ್ಟಿನಲ್ಲಿ ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ. ಕರಗಬೇಕಾದರೆ ಹಸಿಮಣ್ಣಿನದೇ ಆಗಬೇಕು. ಹಸಿಮಣ್ಣಿನದು ದಾರಿಯಲ್ಲಿ ಮುರಿಯುತ್ತದೆ.

ಈ ಇಕ್ಕಟ್ಟಿಗೆ ಪರಿಹಾರ ವಿಗ್ರಹದ ರೂಪದಲ್ಲೇ ಇದೆ. ಸೊಂಡಿಲು ಹೊಟ್ಟೆಗೆ ಅಂಟಿಕೊಂಡಿರಬೇಕು, ಕೈಗಳು ಮೈಯಿಂದ ದೂರ ಚಾಚಿರಬಾರದು, ಕಿವಿಗಳು ಭುಜಕ್ಕೆ ತಾಗಿರಬೇಕು. ಮಣ್ಣಿಗೆ ನೆನೆಸಿ ಅರೆದ ಕಾಗದವನ್ನು ಸ್ವಲ್ಪ ಬೆರೆಸಿದರೆ ಅದರ ನಾರು ಮಣ್ಣನ್ನು ಹಿಡಿದಿಟ್ಟುಕೊಳ್ಳುತ್ತದೆ, ಕರಗುವುದಕ್ಕೂ ಅಡ್ಡಿಯಾಗುವುದಿಲ್ಲ. ವಿಗ್ರಹದ ಅಡಿಯಿಂದ ಒಳಗಿನ ಮಣ್ಣನ್ನು ತೋಡಿ ಪೊಳ್ಳು ಮಾಡಿದರೆ ಬೇಗ ಒಣಗುತ್ತದೆ, ತೂಕವೂ ಇಳಿಯುತ್ತದೆ. ಪೂರ್ತಿ ಒಣಗುವ ಮೊದಲೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಬೂಷ್ಟು ಹಿಡಿಯುತ್ತದೆ. ಇನ್ನೂ ಸುಲಭದ ದಾರಿಯೆಂದರೆ ವಿಗ್ರಹವನ್ನೇ ಕಳಿಸದೆ, ಹದವಾಗಿ ಕಲಸಿದ ಒಂದು ಕಿಲೋ ಮಣ್ಣು, ಎರಡು ಭಾಗದ ಅಚ್ಚು, ಒಂದು ಬಿದಿರಿನ ಕಡ್ಡಿ ಇಷ್ಟನ್ನು ಗಾಳಿಯಾಡದ ಚೀಲದಲ್ಲಿ ಕಳಿಸುವುದು. ಮನೆಯ ಮಕ್ಕಳು ಗಣಪನನ್ನು ಮಾಡಿಕೊಳ್ಳುತ್ತಾರೆ, ಒಡೆಯುವ ಮಾತೇ ಇಲ್ಲ. ಕುಂಬಾರನ ಅರಿವು ಇಲ್ಲಿ ಮಣ್ಣಿನ ಹದದಲ್ಲಿ, ಅಚ್ಚಿನಲ್ಲಿ ಇರುತ್ತದೆ. ನನ್ನ ಮಟ್ಟಿಗೆ ಪಾಟರಿ ಟೌನಿನ ಕಸುಬಿಗೆ ಆನ್‌ಲೈನಿನಲ್ಲಿ ಅತಿ ಹೆಚ್ಚು ಹೊಂದುವ ವಸ್ತು ಇದೇ.

ಹಣತೆ: ಒಂದು ಪೆಟ್ಟಿಗೆಯ ಲೆಕ್ಕ

ಹನ್ನೆರಡು ಹಣತೆಗಳ ಒಂದು ಪೆಟ್ಟಿಗೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದೊಂದೂ 6 ಸೆಂ.ಮೀ. ಅಗಲ, ಎರಡೂವರೆ ಸೆಂ.ಮೀ. ಎತ್ತರ, ಸುಮಾರು 25 ಗ್ರಾಂ ತೂಕ. ಹನ್ನೆರಡಕ್ಕೆ 300 ಗ್ರಾಂ. ತಿಗರಿಯ ಮೇಲೆ ದೊಡ್ಡ ಮುದ್ದೆ ಇಟ್ಟು ಅದರ ತುದಿಯಿಂದ ಒಂದಾದ ಮೇಲೊಂದು ಹಣತೆ ಎತ್ತಿ ದಾರದಲ್ಲಿ ಕೊಯ್ಯುವುದು ನುರಿತ ಕೈಗೆ ಕ್ಷಣದ ಕೆಲಸ. ಆದರೆ ತಳವನ್ನು ಬೆರಳಿನಿಂದ ಒತ್ತಿ ಬಿಗಿ ಮಾಡದೆ ಕೊಯ್ದರೆ ಒಣಗುವಾಗ ತಳದಲ್ಲಿ ಬಾಗಿದ ಗೆರೆಯಂಥ ಸೀಳು ಬರುತ್ತದೆ. ಆ ಸೀಳಿನಿಂದಲೇ ಎಣ್ಣೆ ಸೋರುತ್ತದೆ.

ಕೊಯ್ದ ಹಣತೆಗಳನ್ನು ನೆರಳಿನಲ್ಲಿ ನಾಲ್ಕೈದು ದಿನ, ಕೊನೆಯಲ್ಲಿ ಒಂದು ದಿನ ಬಿಸಿಲಿನಲ್ಲಿ ಒಣಗಿಸುತ್ತಾರೆ. ಒಣಗಿದೆಯೇ ಎಂದು ತಿಳಿಯಲು ಕೆನ್ನೆಗೆ ತಾಗಿಸಿ ನೋಡಬೇಕು. ತಣ್ಣಗನ್ನಿಸಿದರೆ ಒಳಗೆ ಇನ್ನೂ ನೀರಿದೆ. ಅಂಥದ್ದನ್ನು ಆವಿಗೆಗೆ ಇಟ್ಟರೆ ನೀರು ಆವಿಯಾಗಿ ಉಬ್ಬಿ ಹಣತೆ ಸಿಡಿಯುತ್ತದೆ, ಅಕ್ಕಪಕ್ಕದ್ದನ್ನೂ ಒಡೆಯುತ್ತದೆ. ಆದ್ದರಿಂದಲೇ ಮೊದಲ ಎರಡು ಮೂರು ಗಂಟೆ ಸಣ್ಣ ಉರಿ. ಆಮೇಲೆ ಉರಿ ಏರಿಸಿ 850ರಿಂದ 900 ಡಿಗ್ರಿಯ ಆಸುಪಾಸಿಗೆ ಒಯ್ದು, ಮುಚ್ಚಿ, ಮಾರನೆಯ ದಿನದವರೆಗೆ ಮುಟ್ಟಬಾರದು. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಪುಡಿ 573 ಡಿಗ್ರಿಯಲ್ಲಿ ಒಮ್ಮೆಲೇ ಗಾತ್ರ ಬದಲಿಸುತ್ತದೆ. ಅವಸರಕ್ಕೆ ಆವಿಗೆ ತೆರೆದು ತಣ್ಣನೆ ಗಾಳಿ ನುಗ್ಗಿದರೆ ಆ ಹಂತದಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ.

ಕಾಣದ್ದನ್ನು ಕಿವಿ ಹಿಡಿಯುತ್ತದೆ. ಹಣತೆಯನ್ನು ಅಂಗೈಮೇಲೆ ಸಡಿಲವಾಗಿ ಇಟ್ಟುಕೊಂಡು ಉಗುರಿನಿಂದ ತಟ್ಟಿದರೆ ಸರಿಯಾಗಿ ಬೆಂದದ್ದು ಠಣ್ಣೆನ್ನುತ್ತದೆ, ಬಿರುಕಿದ್ದದ್ದು ಬೊದ್ದೆನ್ನುತ್ತದೆ. ಪ್ರತಿಯೊಂದನ್ನೂ ಹೀಗೆ ತಟ್ಟಿ ನೋಡದೆ ಪೆಟ್ಟಿಗೆಗೆ ಹಾಕಬಾರದು. ಇನ್ನೊಂದು ಕೇಡು ತಟ್ಟಿದರೂ ಗೊತ್ತಾಗದು. ಕೆರೆ ಮಣ್ಣಿನಲ್ಲಿ ಬಸವನಹುಳುವಿನ ಚಿಪ್ಪು, ಸುಣ್ಣದ ಹರಳು ಇರುತ್ತವೆ. ಸುಟ್ಟಾಗ ಅವು ಸುಟ್ಟ ಸುಣ್ಣವಾಗಿ, ಆಮೇಲೆ ನಿಧಾನವಾಗಿ ಗಾಳಿಯ ತೇವ ಹೀರಿ ಉಬ್ಬುತ್ತವೆ. ಒಂದೆರಡು ವಾರದ ನಂತರ ಹಣತೆಯ ಮೈಯಿಂದ ಬಿಲ್ಲೆಯಂತೆ ಚೂರು ಎದ್ದು ಬರುತ್ತದೆ, ಗುಳಿಯ ನಡುವೆ ಬಿಳಿ ಚುಕ್ಕೆ ಕಾಣುತ್ತದೆ. ಅಂಗಡಿಯಲ್ಲಾದರೆ ಅದನ್ನು ಪಕ್ಕಕ್ಕಿಡಬಹುದು. ಆನ್‌ಲೈನಿನಲ್ಲಿ ಅದು ಆಗುವುದು ಗಿರಾಕಿಯ ಮನೆಯಲ್ಲಿ. ಮಣ್ಣನ್ನು ನೀರಿನಲ್ಲಿ ಕದಡಿ ನುಣ್ಣನೆಯ ಜಾಲರಿಯಲ್ಲಿ ಸೋಸುವುದು ಇದಕ್ಕೆ ನಿಜವಾದ ಮದ್ದು. ಜೊತೆಗೆ ಸುಟ್ಟ ಮಾಲನ್ನು ಎರಡು ವಾರ ಹಿಡಿದಿಟ್ಟು ಆಮೇಲೆ ಕಳಿಸಬೇಕು.

ಎಷ್ಟೇ ಚೆನ್ನಾಗಿ ಬೆಂದರೂ ಲೇಪವಿಲ್ಲದ ಹಣತೆ ಎಣ್ಣೆ ಹೀರುತ್ತದೆ, ಕೆಳಗಿನ ಬಟ್ಟೆಗೆ ಕಲೆ ಮಾಡುತ್ತದೆ. ನಮ್ಮ ಅಜ್ಜಿಯರು ಹೊಸ ಹಣತೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ ಒರೆಸಿ ಹಚ್ಚುತ್ತಿದ್ದುದು ಇದಕ್ಕಾಗಿಯೇ. ಈ ಒಂದು ಮಾತನ್ನು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಮುದ್ರಿಸಿ ಪೆಟ್ಟಿಗೆಯಲ್ಲಿ ಇಟ್ಟರೆ ದೂರುಗಳು ಬಹಳಷ್ಟು ಕಡಿಮೆಯಾಗುತ್ತವೆ. ಬಣ್ಣ ಬಳಿಯುವುದಾದರೆ ಬತ್ತಿ ಕೂರುವ ಮೂತಿಯನ್ನು ಬಿಟ್ಟು ಹೊರಮೈಗೆ ಮಾತ್ರ ಬಳಿಯಬೇಕು.

ಇನ್ನು ಪೆಟ್ಟಿಗೆ. ಕೊರಿಯರಿನವರು ವಸ್ತುವಿನ ತೂಕ ಮಾತ್ರ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ ಬಂದ ಕಿಲೋವನ್ನೂ ನಿಜವಾದ ತೂಕವನ್ನೂ ಹೋಲಿಸಿ ಹೆಚ್ಚಿನದಕ್ಕೆ ದುಡ್ಡು ಹಾಕುತ್ತಾರೆ. ಅದೂ ಅರ್ಧ ಕಿಲೋದ ಮೆಟ್ಟಿಲುಗಳಲ್ಲಿ. ಹನ್ನೆರಡು ಹಣತೆಗಳನ್ನು ಸಿಹಿತಿಂಡಿಯ ಡಬ್ಬಿಯಂತೆ ಮನೆಮನೆ ಮಾಡಿ ಒಂದೇ ಪದರದಲ್ಲಿ ಹರಡಿದರೆ ಪೆಟ್ಟಿಗೆ 34×26×7 ಸೆಂ.ಮೀ. ಆಗುತ್ತದೆ. ಲೆಕ್ಕ ಹಾಕಿದರೆ 1.24 ಕಿಲೋ, ಕೊಡುವುದು ಒಂದೂವರೆ ಕಿಲೋಗೆ. ಅದೇ ಹಣತೆಗಳನ್ನು ನಡುವೆ ಕಾಗದ ಇಟ್ಟು ಒಂದರೊಳಗೊಂದು ನಾಲ್ಕು ನಾಲ್ಕರಂತೆ ಮೂರು ಅಡುಕು ಮಾಡಿದರೆ, ಸುತ್ತ ಎರಡು ಸೆಂ.ಮೀ. ಮೆತ್ತೆ ಬಿಟ್ಟರೂ ಪೆಟ್ಟಿಗೆ 22×10×10 ಸೆಂ.ಮೀ.ನಲ್ಲಿ ಮುಗಿಯುತ್ತದೆ. ಲೆಕ್ಕದ ತೂಕ 0.44 ಕಿಲೋ. ರಟ್ಟು, ಕಾಗದ ಸೇರಿ ನಿಜವಾದ ತೂಕವೂ ಅರ್ಧ ಕಿಲೋದೊಳಗೆ. ಹಣತೆ ಬದಲಾಗಲಿಲ್ಲ, ಸಾಗಣೆಯ ಖರ್ಚು ಮೂರು ಮೆಟ್ಟಿಲಿನಿಂದ ಒಂದಕ್ಕೆ ಇಳಿಯಿತು. ಅಂದಮೇಲೆ ಒಂದರೊಳಗೊಂದು ಕೂರುವ ಹಾಗೆ ಅಂಚನ್ನು ಕೊಂಚ ಹೊರಕ್ಕೆ ತೆರೆಯುವುದು ತಿಗರಿಯ ಮೇಲೇ ಆಗಬೇಕಾದ ಕೆಲಸ. ಪೆಟ್ಟಿಗೆ ಸಿದ್ಧವಾದ ಮೇಲೆ ಒಂದನ್ನು ಸೊಂಟದೆತ್ತರದಿಂದ ಆರು ಮೈಗಳ ಮೇಲೂ ಒಂದು ಮೂಲೆಯ ಮೇಲೂ ಬೀಳಿಸಿ ನೋಡಬೇಕು. ಅಲ್ಲಾಡಿಸಿದಾಗ ಒಳಗಿನಿಂದ ಸದ್ದು ಬಂದರೆ ಅದು ದಾರಿಯಲ್ಲಿ ಒಡೆಯುತ್ತದೆ.

ಬೆಲೆ ಕಟ್ಟುವಾಗ ಹೆಚ್ಚಿನವರು ಮಾಡಿದ ಸಂಖ್ಯೆಯ ಮೇಲೆ ಖರ್ಚು ಹಂಚುತ್ತಾರೆ, ಅಲ್ಲಿಯೇ ನಷ್ಟ ಶುರುವಾಗುತ್ತದೆ. ನೂರು ಹಣತೆ ಎತ್ತಿ, ಒಣಗುವಾಗ ಆರು, ಸುಡುವಾಗ ಎಂಟು, ತಟ್ಟಿ ನೋಡುವಾಗ ನಾಲ್ಕು ಹೋದವು ಎನ್ನೋಣ. ಉಳಿದದ್ದು 82. ಆರು ಪೆಟ್ಟಿಗೆ ತುಂಬಿ ಹತ್ತು ಮಿಗುತ್ತವೆ. ಆ ಹತ್ತು, ದಾರಿಯಲ್ಲಿ ಒಡೆದದ್ದಕ್ಕೆ ಬದಲಿ ಕೊಡಲು. ಮಾರಿದ್ದು 72 ಮಾತ್ರ. ಮಣ್ಣು, ಕಟ್ಟಿಗೆ, ಕೂಲಿ ಎಲ್ಲವನ್ನೂ ನೂರರಿಂದ ಭಾಗಿಸದೆ ಈ 72ರಿಂದ ಭಾಗಿಸಬೇಕು. ಆಮೇಲೆ ಪೆಟ್ಟಿಗೆ, ಕೊರಿಯರ್, ಮಾರುವ ತಾಣದ ಕಮಿಷನ್ ಸೇರಿಸಬೇಕು.

ತೆರಿಗೆ, ನೆರವು

ಮಣ್ಣಿನ ಮಡಕೆ, ಹಣತೆ, ಮಣ್ಣಿನ ವಿಗ್ರಹಗಳಿಗೆ ಜಿಎಸ್‌ಟಿ ವಿನಾಯಿತಿ ಇದೆ. ಅಲಂಕಾರದ ವಸ್ತುಗಳಿಗೆ ಇಲ್ಲ. 2023ರ ಅಕ್ಟೋಬರ್ 1ರಿಂದ, ವಹಿವಾಟಿನ ಮಿತಿಯೊಳಗಿರುವ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿ ಇಲ್ಲದೆಯೂ ಪ್ಯಾನ್ ಆಧಾರದ ಮೇಲೆ ದಾಖಲಾತಿ ಸಂಖ್ಯೆ ಪಡೆದು ಆನ್‌ಲೈನ್ ತಾಣಗಳ ಮೂಲಕ ಸರಕು ಮಾರಬಹುದು. ಆದರೆ ಅದು ತಮ್ಮ ರಾಜ್ಯದೊಳಗೆ ಮಾತ್ರ. ತೆರಿಗೆಯ ವಸ್ತುವನ್ನು ತಾಣದ ಮೂಲಕ ಹೊಸೂರಿಗೆ ಕಳಿಸಬೇಕಿದ್ದರೂ ನೋಂದಣಿ ಬೇಕು. ಹೊಸಬರು ಮೊದಲ ವರ್ಷ ಕರ್ನಾಟಕದೊಳಗೇ ಮಾರಿ ನೋಡುವುದು ಈ ಕಾರಣಕ್ಕೂ, ದಾರಿ ಗಿಡ್ಡವಾದಷ್ಟೂ ಒಡೆಯುವುದು ಕಡಿಮೆ ಎಂಬ ಕಾರಣಕ್ಕೂ ಲೇಸು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ಉಪಕರಣಕ್ಕೆ 15,000 ರೂಪಾಯಿವರೆಗೆ, ಶೇ. 5ರ ಬಡ್ಡಿಗೆ ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಸಾಲ ಅದರಲ್ಲಿದೆ. ಕಸುಬನ್ನೇ ಹೊಸದಾಗಿ ಕಲಿಯಬೇಕೆನ್ನುವವರಿಗೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇದೆ.

ಕಾಲದ ಲೆಕ್ಕ

ಬೆಂಗಳೂರಿನಲ್ಲಿ ಮಳೆ ಹೆಚ್ಚು ಸುರಿಯುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಹಣತೆಯ ಆರ್ಡರುಗಳು ಮುಗಿಬೀಳುವುದೂ ಆಗಲೇ. ಮಳೆಗಾಲದಲ್ಲಿ ಐದು ದಿನಕ್ಕೆ ಒಣಗಬೇಕಾದದ್ದು ಹತ್ತು ದಿನವಾದರೂ ಒಣಗುವುದಿಲ್ಲ, ಕಟ್ಟಿಗೆ ಹಸಿಯಾಗಿರುತ್ತದೆ, ಒತ್ತೊತ್ತಾದ ಮನೆಗಳ ನಡುವಿನ ಆವಿಗೆಯಲ್ಲಿ ಹೊಗೆ ಹೆಚ್ಚಾಗುತ್ತದೆ. ಜುಲೈ, ಆಗಸ್ಟ್ ಪೂರ್ತಿ ಗಣಪತಿಯ ಕೆಲಸಕ್ಕೇ ಹೋಗುತ್ತದೆ. ಆದ್ದರಿಂದ ದೀಪಾವಳಿಯ ಹಣತೆಯನ್ನು ಫೆಬ್ರವರಿಯಿಂದ ಮೇವರೆಗಿನ ಒಣ ಬಿಸಿಲಿನಲ್ಲೇ ಮಾಡಿ, ಸುಟ್ಟು, ತಟ್ಟಿ ನೋಡಿ, ಅಡುಕಿ ಇಟ್ಟುಕೊಂಡಿರಬೇಕು. ಚಿತ್ರ ತೆಗೆಯುವುದೂ ಆ ಮಾಲಿನದೇ ಆಗಬೇಕು. ಸೆಪ್ಟೆಂಬರಿನಲ್ಲಿ ಕೈಯಲ್ಲಿ ಎಷ್ಟು ಪೆಟ್ಟಿಗೆ ಇದೆಯೋ ಅಷ್ಟಕ್ಕೇ ಆರ್ಡರ್ ತೆಗೆದುಕೊಳ್ಳಬೇಕು. ಅಕ್ಟೋಬರಿನಲ್ಲಿ ಆರ್ಡರ್ ಹಿಡಿದು ಆಮೇಲೆ ತಿಗರಿ ತಿರುಗಿಸಲು ಕೂತವರ ಹಣತೆ ದೀಪಾವಳಿಗೆ ಮುಟ್ಟುವುದಿಲ್ಲ.